ದಸರಾ ರಜೆಗೆ ಇನ್ನೆರಡು ದಿನ ಸೇರಿಸಿ ಕೇಳಿದ್ರೆ?

ಮೇಷ್ಟ್ರಿಗೆ ಎರಡು ದಿನ ರಜೆ ಸಿಗುತ್ತೆ.
ಅದೇ ಎರಡು ದಿನ ದಸರಾ ರಜೆಗೆ ಅಂಟಿಕೊಂಡಿದ್ರೆ?
ಮಂಜೂರಾಗೋದು ಕಷ್ಟ. ಯಾಕೆ?

2024ನೇ ಇಸವಿ ನೋಡಿ.
ದಸರಾ ರಜೆ ಅಕ್ಟೋಬರ್ 3ರಿಂದ 20.
21, ಸೋಮವಾರ, ಎರಡನೇ ಅವಧಿ ಶುರು.

ಈಗ ಜೋಯಿಡಾ ಕಾಡಿನ ನಡುವೆ ಒಂದು ಶಾಲೆ ಅಂದುಕೊಳ್ಳಿ.
ಒಂದರಿಂದ ಐದನೇ ತರಗತಿ, ಇಬ್ಬರೇ ಶಿಕ್ಷಕರು.
ಅಕ್ಕೋರು 21, 22ಕ್ಕೆ ರಜೆ ಕೇಳಿದ್ರು.
ಮಾಸ್ತರರ ಊರೂ ದೂರ.
ಅವರಿಗೂ ಅದೇ ದಿನ ಬೇಕು.

ಚೌತಿ ಮುಗಿಸಿ ವಾಪಸ್ ಹೋಗೋ ಬಸ್ ಇದ್ದಂಗೆ.
ಸೀಟು ಅಷ್ಟೇ, ಹತ್ತೋರು ಎಲ್ಲರೂ.

ಬೇರೆ ವಾರ ಆಗಿದ್ರೆ ಪಕ್ಕದ ಶಾಲೆಯಿಂದ ಒಬ್ಬರನ್ನ ಕೇಳಬಹುದಿತ್ತು.
ಈ ವಾರ ಅಲ್ಲೂ ಅದೇ ಅರ್ಜಿ!
ದಾಂಡೇಲಿ, ಹಳಿಯಾಳ ಪೇಟೆಯ ದೊಡ್ಡ ಶಾಲೇಲಿ ಹೇಗೋ ಸರಿದೂಗಿಸ್ತಾರೆ.
ಇಲ್ಲಿ ಐದೂ ತರಗತಿ ಒಬ್ಬರ ತಲೆಗೆ.
ಜೊತೆಗೆ ಮುಚ್ಚಿದ್ದ ಕೋಣೆ ಗುಡಿಸಬೇಕು,
ನೀರಿನ ಟ್ಯಾಂಕ್ ತೊಳೆಸಬೇಕು,
ಬಿಸಿಯೂಟದ ಅಕ್ಕಿಗೆ ಹುಳ ಬಿದ್ದಿದೆಯಾ ನೋಡಬೇಕು.

ನಿಜವಾಗಲೂ ಬೇಕಾ?
ಶಾಲೆ ಮುಚ್ಚೋ ಮೊದಲೇ ಅರ್ಜಿ ಕೊಡಿ.
ದಸರಾ ರಜೆಯ ಎರಡೂ ತುದಿಗೆ ಕೇಳಬೇಡಿ, ಒಂದು ಸಾಕು.
ಮದುವೆನೋ ಆಸ್ಪತ್ರೆನೋ, ಕಾರಣ ಬಿಡಿಸಿ ಬರೀರಿ.
ಆ ದಿನ ಬೀಗ ತೆಗೆಯೋರು ಯಾರು, ಅದನ್ನೂ ಬರೀರಿ.

20ರ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿದ್ರೆ,
ಬೆಳಿಗ್ಗೆಯೊಳಗೆ ಬದಲಿ ಶಿಕ್ಷಕರನ್ನ ಎಲ್ಲಿಂದ ತರೋದು?