ಇನ್ನೂರೈವತ್ತೈದೋ, ಇನ್ನೂರೈವತ್ತಾರೋ?

ಧರ್ಮದ ವಿಷಯದಲ್ಲಿ ಬಲವಂತ ಕೂಡದು ಎನ್ನುವ ಕುರ್‌ಆನ್ ವಚನ ಭಾಷಣಗಳಲ್ಲೂ ಲೇಖನಗಳಲ್ಲೂ ಆಗಾಗ ಬರುತ್ತದೆ. ಪಕ್ಕದಲ್ಲಿ 2:256 ಎಂದಿರುತ್ತದೆ. ಅಂದರೆ ಎರಡನೇ ಅಧ್ಯಾಯವಾದ ಅಲ್‌ಬಕರದ 256ನೇ ವಚನ. ಈ ಸಂಖ್ಯೆ ಹಿಡಿದುಕೊಂಡು ರಾಡ್‌ವೆಲ್‌ನ ಹಳೆಯ ಇಂಗ್ಲಿಷ್ ಅನುವಾದ ತೆರೆದವರಿಗೆ ಅಲ್ಲಿ ಸಿಗುವುದು ಬಲವಂತದ ಮಾತಲ್ಲ, ದೇವರ ಪೀಠದ ವೈಶಾಲ್ಯವನ್ನು ಹೇಳುವ ಆಯತುಲ್ ಕುರ್ಸಿ. ಬೇಕಾದ ವಚನ ಅದರ ಮುಂದಿನದು, 257. ಆಯತುಲ್ ಕುರ್ಸಿಯಾದರೋ ಇಂದಿನ ಬಹುತೇಕ ಪ್ರತಿಗಳಲ್ಲಿ 255. ಎರಡೂ ಪ್ರಸಿದ್ಧ ವಚನಗಳು, ಅಕ್ಕಪಕ್ಕದವು. ಹಾಗಾಗಿ ಗೊಂದಲ ಎದ್ದು ಕಾಣುತ್ತದೆ.

ಇಂಥ ಕಡೆ ಓದುಗರು ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ. ಅಚ್ಚಿನ ತಪ್ಪು ಎನ್ನುವುದು ಒಂದು. ಒಂದು ಪ್ರತಿಯಲ್ಲಿ ವಚನವೊಂದು ಹೆಚ್ಚೋ ಕಡಿಮೆಯೋ ಆಗಿದೆ ಎನ್ನುವುದು ಇನ್ನೊಂದು. ಮೊದಲನೆಯದು ಕೆಲವೊಮ್ಮೆ ನಿಜವಿರಬಹುದು, ಇಲ್ಲಿ ಅಲ್ಲ. ಎರಡನೆಯದಂತೂ ಸುಳ್ಳು. ಎರಡು ಪ್ರತಿಗಳಲ್ಲೂ ಇರುವ ಮಾತು ಅದೇ. ಒಂದು ವಚನ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂಬುದರಲ್ಲಷ್ಟೇ ವ್ಯತ್ಯಾಸ. ಹಫ್ಸ್, ವರ್ಷ್ ಮುಂತಾದ ಪಠಣ ಪರಂಪರೆಗಳಲ್ಲಿ ಕೆಲವು ಪದಗಳ ಉಚ್ಚಾರಣೆ, ರೂಪ ಬೇರೆಯಾಗುವುದುಂಟು. ಆದರೆ ಅದು ಬೇರೆಯ ಕಥೆ, ಎಣಿಕೆಯ ಜೊತೆ ಅದನ್ನು ಬೆರೆಸಬಾರದು.

ಆರಂಭದ ಕೈಬರಹದ ಪ್ರತಿಗಳಲ್ಲಿ ವಚನಗಳಿಗೆ ಸಂಖ್ಯೆಯೇ ಇರಲಿಲ್ಲ. ವಚನ ಮುಗಿದ ಕಡೆ ಪುಟ್ಟ ಗೀಟುಗಳನ್ನೋ ಚುಕ್ಕೆಗಳನ್ನೋ ಇಡುತ್ತಿದ್ದರು, ಹತ್ತಕ್ಕೊಮ್ಮೆ ಬೇರೊಂದು ಗುರುತು. ವಚನ ಎಲ್ಲಿ ಮುಗಿಯಿತು ಎಂಬ ತಿಳಿವಳಿಕೆ ಬಂದದ್ದು ಕೇಳಿಕೆಯಿಂದ. ಪ್ರವಾದಿಯವರು ಓದುವಾಗ ವಚನದ ಕೊನೆಯಲ್ಲಿ ನಿಲ್ಲುತ್ತಿದ್ದರು, ಕೆಲವೊಮ್ಮೆ ಅರ್ಥ ಪೂರ್ಣವಾಗಲೆಂದು ನಿಲ್ಲದೆ ಮುಂದಿನದಕ್ಕೆ ಕೂಡಿಸಿ ಓದುತ್ತಿದ್ದರು, ಹಾಗಾಗಿ ಕೇಳಿದವರ ಎಣಿಕೆ ಬೇರೆಬೇರೆಯಾಯಿತು ಎಂದು ಸಾಂಪ್ರದಾಯಿಕ ವಿದ್ವಾಂಸರು ವಿವರಿಸುತ್ತಾರೆ. ಮದೀನ, ಮಕ್ಕ, ಕೂಫಾ, ಬಸ್ರಾ, ದಮಸ್ಕಸ್ ಹೀಗೆ ಊರಿಗೊಂದು ಎಣಿಕೆ ನೆಲೆಯಾಯಿತು. ಇದು ಗುಟ್ಟಿನ ಸಂಗತಿಯೇನಲ್ಲ. ಹನ್ನೊಂದನೇ ಶತಮಾನದಲ್ಲೇ ಸ್ಪೇನಿನ ಅಬೂ ಅಮ್ರ್ ಅದ್ದಾನಿ ಈ ಎಣಿಕೆಗಳನ್ನೆಲ್ಲ ಹೋಲಿಸಿ ಒಂದು ಗ್ರಂಥವನ್ನೇ ಬರೆದಿಟ್ಟಿದ್ದಾರೆ.

ವ್ಯತ್ಯಾಸ ಹೇಗಿರುತ್ತದೆ ಎಂದು ನೋಡಲು ಮೊದಲ ಅಧ್ಯಾಯ ಫಾತಿಹಾ ಸಾಕು. ಅದರಲ್ಲಿ ಏಳು ವಚನ ಎಂಬುದರಲ್ಲಿ ತಕರಾರಿಲ್ಲ. ಕೂಫಾದವರು ಬಿಸ್ಮಿಲ್ಲಾವನ್ನೇ ಒಂದನೇ ವಚನವಾಗಿ ಎಣಿಸಿದರು, ಕೊನೆಯ ಉದ್ದನೆಯ ಸಾಲನ್ನು ಒಡೆಯದೆ ಏಳನೆಯದಾಗಿಸಿದರು. ಮದೀನದವರು ಬಿಸ್ಮಿಲ್ಲಾವನ್ನು ಎಣಿಕೆಗೆ ತರಲಿಲ್ಲ. ಅವರಿಗೆ ಅಲ್‌ಹಮ್ದುವೇ ಒಂದು. ಆದರೆ ಕೊನೆಯ ಸಾಲನ್ನು ಮಧ್ಯದ ‘ಅಲೈಹಿಮ್’ ಎಂಬಲ್ಲಿ ಎರಡು ಮಾಡಿದರು. ಅವರಿಗೂ ಏಳೇ ಬಂತು! ಹಾಗಾಗಿ ಒಂದು ಪ್ರತಿಯಲ್ಲಿ 1:2 ಆಗಿರುವುದು ಇನ್ನೊಂದರಲ್ಲಿ 1:1. ನಡುವಿನ ವಚನಗಳೆಲ್ಲ ಒಂದೊಂದು ಸಂಖ್ಯೆ ಜಾರಿ, ಕೊನೆಗೆ ಬಂದು ಮತ್ತೆ ಸಮವಾಗುತ್ತವೆ.

ಅಲ್‌ಬಕರದ ಬಾಗಿಲಲ್ಲೂ ಇದೇ ಆಟ. ಅದು ‘ಅಲಿಫ್ ಲಾಮ್ ಮೀಮ್’ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಕೂಫಾದ ಎಣಿಕೆಯಲ್ಲಿ ಈ ಮೂರಕ್ಷರವೇ ಒಂದು ವಚನ. ಮದೀನದ ಎಣಿಕೆಯಲ್ಲಿ ಅದು ಮುಂದಿನ ಮಾತಿಗೆ ಅಂಟಿಕೊಂಡಿದೆ. ಕೂಫಾದಲ್ಲಿ ಈ ಅಧ್ಯಾಯಕ್ಕೆ 286 ವಚನ, ಮದೀನದಲ್ಲಿ 285. ಉತ್ತರ ಆಫ್ರಿಕಾದಲ್ಲಿ ವರ್ಷ್ ಪಠಣದ ಪ್ರತಿಗಳು ಮದೀನದ ಎಣಿಕೆಯನ್ನು ಅನುಸರಿಸುತ್ತವೆ, ಅಲ್ಲಿ ಇಡೀ ಕುರ್‌ಆನಿಗೆ 6,214 ವಚನ. ನಮ್ಮ ಕಡೆ ಓದುವ ಹಫ್ಸ್ ಪಠಣದ ಜೊತೆಗೆ ಬಂದಿರುವುದು ಕೂಫಾದ ಎಣಿಕೆ, 6,236. ದೊರೆ ಫುಆದ್‌ನ ಕಾಲದಲ್ಲಿ, 1924ರಲ್ಲಿ, ಕೈರೋದಲ್ಲಿ ಅಚ್ಚಾದ ಪ್ರತಿ ಇದನ್ನೇ ಹಿಡಿಯಿತು. ಇಂದು ಜಗತ್ತಿನ ಹೆಚ್ಚಿನ ಕಡೆ ಕಾಣುವ ಸಂಖ್ಯೆಗಳು ಅದರವು.

ಹಾಗಾದರೆ ಎಲ್ಲರ ಬಾಯಲ್ಲಿರುವ 6,666? ನಮ್ಮ ಉಪಖಂಡದಲ್ಲಿ ಇದು ಮನೆಮಾತು, ಮದರಸದ ಮಕ್ಕಳೂ ಹೇಳುತ್ತಾರೆ. ನೆನಪಿಡಲು ಚೆಂದ, ಆದರೆ ಯಾವ ಊರಿನ ಎಣಿಕೆಯೂ ಅದರ ಹತ್ತಿರ ಸುಳಿಯುವುದಿಲ್ಲ.

ರಾಡ್‌ವೆಲ್‌ನ ಸಂಖ್ಯೆಗೆ ಮರಳೋಣ. ಅದು ಕೂಫಾದ್ದೂ ಅಲ್ಲ, ಮದೀನದ್ದೂ ಅಲ್ಲ. 1834ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗುಸ್ತಾಫ್ ಫ್ಲೂಗೆಲ್ ಎಂಬ ವಿದ್ವಾಂಸ ಕುರ್‌ಆನನ್ನು ಅಚ್ಚು ಹಾಕಿಸಿದ. ಮುಸ್ಲಿಮರ ಯಾವ ಪರಂಪರೆಯ ಎಣಿಕೆಗೂ ಅವನ ವಿಂಗಡಣೆ ಪೂರ್ತಿ ಹೊಂದುವುದಿಲ್ಲ. ಆದರೂ ಯುರೋಪಿನ ವಿದ್ವಾಂಸರು ನೂರು ವರ್ಷ ಅದನ್ನೇ ಬಳಸಿದರು. ರಾಡ್‌ವೆಲ್ ಅನುಸರಿಸಿದ್ದು ಅದನ್ನು. 1955ರಲ್ಲಿ ಬಂದ ಆರ್ಬೆರಿಯ ಅನುವಾದವೂ ಅದನ್ನೇ ಹಿಡಿಯಿತು, ಅದೂ ಐದೈದು ವಚನಕ್ಕೊಂದು ಸಂಖ್ಯೆ ಕೊಟ್ಟು. ನಡುವಿನದನ್ನು ಓದುಗನೇ ಬೆರಳು ಮಡಚಿ ಎಣಿಸಬೇಕು.

ಫ್ಲೂಗೆಲ್ ಸಂಖ್ಯೆಗೆ ಒಂದು ಕೂಡಿಸಿದರೋ ಕಳೆದರೋ ಸರಿಹೋಗುತ್ತದೆ ಎಂದು ಕೆಲವರು ಸೂತ್ರ ಮಾಡಿಕೊಳ್ಳುತ್ತಾರೆ. ಅದೂ ಕೈಕೊಡುತ್ತದೆ. ಅಲ್‌ಬಕರದಲ್ಲೇ ನೋಡಿ. ಕೈರೋ ಪ್ರತಿಯ 106 ಅವನಲ್ಲಿ 100, ಆರು ಹಿಂದೆ. ಕಿಬ್ಲಾ ಬದಲಾದ ಪ್ರಸಂಗದ 144 ಅವನಲ್ಲಿ 139, ಐದು ಹಿಂದೆ. ಆಯತುಲ್ ಕುರ್ಸಿಗೆ ಬರುವಷ್ಟರಲ್ಲಿ 255 ಹೋಗಿ 256 ಆಗಿ, ಒಂದು ಮುಂದೆ! ಮೊದಲು ಹಲವು ವಚನಗಳನ್ನು ಕೂಡಿಸುತ್ತ ಬಂದವನು ಆಮೇಲೆ ಒಡೆಯುತ್ತ ಹೋದದ್ದರ ಫಲ. ಇದಕ್ಕೆ ಸೂತ್ರವಿಲ್ಲ, ಹೋಲಿಕೆಯ ಕೋಷ್ಟಕವೇ ಬೇಕು.

ಲಾಹೋರಿನಲ್ಲಿ ಅಚ್ಚಾದ ಅಬ್ದುಲ್ಲಾ ಯೂಸುಫ್ ಅಲಿಯವರ ಹಳೆಯ ಅನುವಾದ ಇನ್ನೊಂದು ಬಲೆ. ಒಂದು ಜೀವ ತೆಗೆಯುವುದು ಇಡೀ ಮನುಕುಲವನ್ನು ಕೊಂದಂತೆ ಎನ್ನುವ ವಚನ ಅದರಲ್ಲಿ 5:35, ಪರಿಷ್ಕೃತ ಮುದ್ರಣಗಳಲ್ಲಿ 5:32. ಪುಸ್ತಕದ ಹೆಸರೂ ಅದೇ, ಅನುವಾದಕರೂ ಅವರೇ. ಉಲ್ಲೇಖಿಸುವವರು ಯಾವ ಮುದ್ರಣ ಎಂದು ಹೇಳುವುದೇ ಇಲ್ಲ.

ಸದಾ ಒಂದೇ ಒಂದು ಸಂಖ್ಯೆ ಹೆಚ್ಚಿದ್ದರೆ, ಅದೂ ಅಧ್ಯಾಯದ ಉದ್ದಕ್ಕೂ, ಅಹ್ಮದಿಯಾ ಸಮುದಾಯದ ಪ್ರತಿ ಇದ್ದೀತೇ ಎಂದು ನೋಡಬೇಕು. ಅವರು ಪ್ರತಿ ಅಧ್ಯಾಯದ ತಲೆಯ ಬಿಸ್ಮಿಲ್ಲಾಕ್ಕೂ ಒಂದು ಎಂಬ ಸಂಖ್ಯೆ ಕೊಡುತ್ತಾರೆ. ಬಿಸ್ಮಿಲ್ಲಾ ಇಲ್ಲದ ಒಂಬತ್ತನೇ ಅಧ್ಯಾಯಕ್ಕೂ, ಅದು ಮೊದಲೇ ಎಣಿಕೆಯಲ್ಲಿರುವ ಫಾತಿಹಾಕ್ಕೂ ಈ ಏರಿಕೆ ಇಲ್ಲ. ಇಲ್ಲಿ ಮಾತ್ರ ಒಂದು ಕಳೆಯುವ ಸೂತ್ರ ನಡೆಯುತ್ತದೆ. ಲಾಹೋರ್ ಶಾಖೆಯ ಮುಹಮ್ಮದ್ ಅಲಿಯವರ ಅನುವಾದ ಈ ಪದ್ಧತಿ ಅನುಸರಿಸುವುದಿಲ್ಲ, ಹೆಸರು ನೋಡಿ ಲೆಕ್ಕ ಹಾಕಬೇಡಿ.

ಕೈಯಲ್ಲಿರುವ ಪ್ರತಿ ಯಾವ ಜಾತಿಯದು ಎಂದು ತಿಳಿಯಲು ಅಲ್‌ಬಕರದ ಮೊದಲ ಪುಟ ತೆರೆದರಾಯಿತು. ‘ಅಲಿಫ್ ಲಾಮ್ ಮೀಮ್’ ಮುಗಿದ ಕೂಡಲೇ 1 ಇದ್ದರೆ ಕೂಫಾದ ಎಣಿಕೆ. ಅಲ್ಲೇ 2 ಇದ್ದರೆ ಬಿಸ್ಮಿಲ್ಲಾವನ್ನು ಸೇರಿಸಿದ್ದಾರೆ. ಸಂಖ್ಯೆಯೇ ಇಲ್ಲದೆ ಮಾತು ಮುಂದುವರಿದಿದ್ದರೆ ಮದೀನದ ಎಣಿಕೆಯೋ ಫ್ಲೂಗೆಲ್‌ನದೋ ಇರಬಹುದು.

ನಮ್ಮ ಮಸೀದಿಗಳ ಕಪಾಟಿನಲ್ಲಿರುವ ಉಪಖಂಡದ ಅಚ್ಚಿನ ಪ್ರತಿಗಳಲ್ಲಿ ಇನ್ನೊಂದು ದಾರಿಯೂ ಇದೆ. ಅಂಚಿನಲ್ಲಿ ‘ಐನ್’ ಅಕ್ಷರ ಬರೆದು ಮೂರು ಸಂಖ್ಯೆ ಕೊಟ್ಟಿರುತ್ತಾರೆ. ಇದು ರುಕೂವಿನ ಗುರುತು. ಮೇಲಿನದು ಅಧ್ಯಾಯದಲ್ಲಿ ಎಷ್ಟನೇ ರುಕೂ, ನಡುವಿನದು ಅದರಲ್ಲಿರುವ ವಚನಗಳು, ಕೆಳಗಿನದು ಪಾರಾದಲ್ಲಿ ಎಷ್ಟನೆಯದು ಎಂದು ಹೇಳುತ್ತವೆ. ಆಯತುಲ್ ಕುರ್ಸಿ ಇರುವುದು ಅಲ್‌ಬಕರದ 34ನೇ ರುಕೂವಿನಲ್ಲಿ, ಅದರಲ್ಲಿ ನಾಲ್ಕೇ ವಚನ. ಹಳೆಯ ಉರ್ದು ಪುಸ್ತಕಗಳು ಪಾರಾ ಮತ್ತು ರುಕೂ ಹೇಳಿ ಸುಮ್ಮನಾಗುತ್ತವೆ. ಅಷ್ಟು ಗೊತ್ತಾದರೆ ಹುಡುಕುವವನ ಕಣ್ಣು ಅರ್ಧ ಪುಟ ಓಡಾಡಿದರೆ ಮುಗಿಯಿತು.