ಬಸುರಿಯ ರಕ್ತ ತೆಳುವಾಗುವುದೇಕೆ? ಒಂದು ತಿರುಗುಮುರುಗು ಪಾಠದ ಸಿದ್ಧತೆ

ಫ್ಲಿಪ್ಡ್ ಕ್ಲಾಸ್‌ರೂಮ್ ಪದ್ಧತಿಯಲ್ಲಿ ಪಾಠ ಕೇಳುವ ಕೆಲಸ ಮನೆಯಲ್ಲೋ ಹಾಸ್ಟೆಲಿನಲ್ಲೋ ಮುಗಿಯುತ್ತದೆ. ಯೋಚಿಸಿ, ಚರ್ಚಿಸಿ ಬಿಡಿಸುವ ಕೆಲಸ ತರಗತಿಯಲ್ಲಿ ನಡೆಯುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಹೈಸ್ಕೂಲಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರ ಸುಮಾರಿಗೆ ಇದನ್ನು ರೂಢಿಗೆ ತಂದರು. ಕರ್ನಾಟಕದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ಕಲಿಯುವ ಪ್ರಸೂತಿ ಶುಶ್ರೂಷೆಗೂ ಈ ಪದ್ಧತಿ ಒಗ್ಗುತ್ತದೆ. ಆದರೆ ಗರ್ಭಿಣಿಯ ದೇಹದ ಬದಲಾವಣೆಗಳನ್ನೆಲ್ಲ ಒಂದೇ ಅವಧಿಗೆ ತುರುಕಬಾರದು. ತೊಂಬತ್ತು ನಿಮಿಷಕ್ಕೆ ಒಂದು ಪ್ರಶ್ನೆ ಸಾಕು: ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್ ಅಂಕಿ ಸಹಜವೋ, ರಕ್ತಹೀನತೆಯೋ, ಇನ್ನಾವುದೋ ಅಪಾಯದ ಸೂಚನೆಯೋ?

ಮನೆಪಾಠಕ್ಕೆ ಏಳೆಂಟು ನಿಮಿಷದ ಎರಡು ವೀಡಿಯೊ ಮತ್ತು ಒಂದು ಪುಟದ ಟಿಪ್ಪಣಿ ಇದ್ದರೆ ಆಯಿತು. ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಚಿತ್ರೀಕರಿಸಿ ಕಳಿಸಿದರೆ ಅರ್ಧಕ್ಕೇ ನಿಲ್ಲಿಸುವವರು ಹೆಚ್ಚು. ಹಾಸ್ಟೆಲಿನಲ್ಲಿ ನೆಟ್‌ವರ್ಕ್ ಸಿಗದವರಿಗೂ ಪಾಠ ತಪ್ಪದಂತೆ ಅದೇ ವಿಷಯ ಟಿಪ್ಪಣಿಯಲ್ಲೂ ಇರಬೇಕು. ತಿಳಿಯಬೇಕಾದದ್ದು ಇಷ್ಟು: ಗರ್ಭ ನಿಂತ ಕೆಲವೇ ವಾರಗಳಲ್ಲಿ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಉಳಿಸಿಕೊಳ್ಳತೊಡಗುತ್ತವೆ. ಇದರಿಂದ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು 40–50% ಹೆಚ್ಚುತ್ತದೆ. ಕೆಂಪು ರಕ್ತಕಣಗಳೂ ಹೆಚ್ಚುತ್ತವೆ, ಆದರೆ 20–30% ಮಾತ್ರ. ತೆಳುವಾದ ರಕ್ತ ಮಾಸಿನೊಳಗೆ ಸಲೀಸಾಗಿ ಹರಿಯುತ್ತದೆ; ಹೆರಿಗೆಯಲ್ಲಿ ರಕ್ತ ಹೋದಾಗ ಅದರ ಜೊತೆ ಹೋಗುವ ಕಣಗಳೂ ಕಡಿಮೆ.

ಹಿಂದಿನ ರಾತ್ರಿಯೊಳಗೆ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ಅವುಗಳಲ್ಲಿ ಮುಖ್ಯವಾದದ್ದು, ಗರ್ಭಿಣಿಯ ದೇಹದಲ್ಲಿರುವ ಒಟ್ಟು ಕೆಂಪುಕಣಗಳು ಹೆಚ್ಚುತ್ತವೆಯೋ ಇಳಿಯುತ್ತವೆಯೋ ಎಂಬುದು. ಹಿಮೋಗ್ಲೋಬಿನ್ ಇಳಿಯುವುದನ್ನು ಕಂಡವರು ಕಣಗಳೂ ಇಳಿದಿವೆ ಎಂದುಕೊಳ್ಳುವುದು ಸಾಮಾನ್ಯ. ಈ ಉತ್ತರಗಳನ್ನು ಶಿಕ್ಷಕರು ಓದದೆ ತರಗತಿಗೆ ಬಂದರೆ ಇಡೀ ಪದ್ಧತಿಯ ಬುಡವೇ ಅಲುಗಿದಂತೆ. ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅವೇ ಹೇಳಬೇಕು.

ತರಗತಿಯ ಮೊದಲ ಇಪ್ಪತ್ತು ನಿಮಿಷ ಲೆಕ್ಕಕ್ಕೆ ಮೀಸಲು. ಗರ್ಭಕ್ಕೆ ಮೊದಲು ಒಬ್ಬಾಕೆಯಲ್ಲಿ 2,500 ಮಿ.ಲೀ. ಪ್ಲಾಸ್ಮಾ, 1,500 ಮಿ.ಲೀ. ಕೆಂಪುಕಣ, ಒಟ್ಟು ನಾಲ್ಕು ಲೀಟರ್ ರಕ್ತ ಇದೆ ಎಂದಿಟ್ಟುಕೊಳ್ಳಬಹುದು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ, ಅಂದರೆ ದೇಹದಲ್ಲಿ ಒಟ್ಟು 500 ಗ್ರಾಂ. ಪ್ಲಾಸ್ಮಾ 45% ಏರಿ 3,625 ಆಗುತ್ತದೆ, ಕಣಗಳು 25% ಏರಿ 1,875 ಆಗುತ್ತವೆ; ರಕ್ತ ಐದೂವರೆ ಲೀಟರ್ ಆಯಿತು. ಒಟ್ಟು ಹಿಮೋಗ್ಲೋಬಿನ್ 625 ಗ್ರಾಂಗೆ ಏರಿದ್ದರೂ ಡೆಸಿಲೀಟರಿಗೆ ಸಿಗುವುದು ಸುಮಾರು 11.4. ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬೇಕು. ಶಿಕ್ಷಕರು ಬೋರ್ಡಿನ ಮೇಲೆ ಬಿಡಿಸಿಬಿಟ್ಟರೆ ಅದು ಮತ್ತೆ ಹಳೆಯ ಉಪನ್ಯಾಸವೇ.

ನಂತರ ನಾಲ್ಕೈದು ಜನರ ಗುಂಪುಗಳಿಗೆ ಮೂರು ಕಾರ್ಡು. ಮೊದಲಾಕೆಗೆ 26 ವಾರ, ಹಿಮೋಗ್ಲೋಬಿನ್ 10.8, ಕೆಂಪುಕಣದ ಸರಾಸರಿ ಗಾತ್ರವಾದ ಎಂಸಿವಿ 88. ಎರಡನೆಯಾಕೆಗೂ 26 ವಾರ, ಆದರೆ ಹಿಮೋಗ್ಲೋಬಿನ್ 9.4, ಎಂಸಿವಿ 70. ಮೂರನೆಯಾಕೆಗೆ 32 ವಾರ, ಹಿಮೋಗ್ಲೋಬಿನ್ 14.2, ರಕ್ತದೊತ್ತಡ 150/96.

ಎರಡನೆಯ ಕಾರ್ಡು ಸುಲಭ. ರಕ್ತ ತೆಳುವಾದ ಮಾತ್ರಕ್ಕೆ ಕಣಗಳ ಗಾತ್ರ ಕುಗ್ಗುವುದಿಲ್ಲ. ಎಂಸಿವಿ 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯನ್ನು ಮೊದಲು ಶಂಕಿಸಬೇಕು, ತಲಸ್ಸೀಮಿಯಾ ಗುಣವನ್ನೂ ಮರೆಯಬಾರದು. ವಾದ ಏಳುವುದು ಮೊದಲನೆಯದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಎರಡನೇ ತ್ರೈಮಾಸಿಕಕ್ಕೆ 10.5, ಹಾಗಾಗಿ ಅವಳು ಸಹಜ. ಭಾರತದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 11ಕ್ಕಿಂತ ಕಡಿಮೆಯೆಲ್ಲ ರಕ್ತಹೀನತೆ, ಹಾಗಾಗಿ ಅವಳಿಗೆ ಸೌಮ್ಯ ರಕ್ತಹೀನತೆಯ ಚಿಕಿತ್ಸೆ. ಎರಡೂ ಗೆರೆಗಳನ್ನು ಎದುರಿಗಿಟ್ಟು ವಿದ್ಯಾರ್ಥಿಗಳು ವಾದಿಸಲಿ. ಆಸ್ಪತ್ರೆಯಲ್ಲಿ ಕಾರ್ಯಕ್ರಮದ ಸೂಚನೆಯಂತೆ ಮಾತ್ರೆ ಕೊಟ್ಟರೂ, ಗೆರೆಯ ಹಿಂದಿನ ಶರೀರಕ್ರಿಯೆ ಅವರಿಗೆ ಗೊತ್ತಿರಬೇಕು.

ಮೂರನೆಯ ಕಾರ್ಡಿಗೆ ಅತಿ ಹೆಚ್ಚು ಸಮಯ ಬೇಕು. 14.2 ಕಂಡೊಡನೆ ‘ಒಳ್ಳೆಯ ರಕ್ತ’ ಎಂದು ಮುಂದೆ ಹೋಗುವ ಗುಂಪು ಇದ್ದೇ ಇರುತ್ತದೆ. ತೆಳುವಾಗಬೇಕಿದ್ದ ರಕ್ತ ತೆಳುವಾಗಿಲ್ಲವೇಕೆ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಪ್ರೀಎಕ್ಲಾಂಪ್ಸಿಯಾದಲ್ಲಿ ಪ್ಲಾಸ್ಮಾ ರಕ್ತನಾಳಗಳಿಂದ ಹೊರಕ್ಕೆ ಸೋರಿ ರಕ್ತ ಗಟ್ಟಿಯಾಗಬಹುದು. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ತಲೆನೋವು, ಕಣ್ಣು ಮಂಜಾಗುವುದರ ವಿಚಾರಣೆ, ವೈದ್ಯರಿಗೆ ತಕ್ಷಣ ತಿಳಿಸುವುದು, ಇವು ಗುಂಪಿನ ಬಾಯಿಂದಲೇ ಬರಬೇಕು.

ವೀಡಿಯೊ ನೋಡದೆ ಬಂದವರಿಗಾಗಿ ಪಾಠವನ್ನು ಮತ್ತೆ ಹೇಳಿದರೆ ಮುಂದಿನ ವಾರ ಯಾರೂ ನೋಡಿಬರುವುದಿಲ್ಲ. ಅಂಥವರು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಟಿಪ್ಪಣಿ ಓದಿ ಗುಂಪು ಸೇರಲಿ. ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಹೊಸ ಕಾರ್ಡೊಂದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬರೆಯಬೇಕು, ಏಕೆಂದರೆ ಗುಂಪಿನಲ್ಲಿ ಚುರುಕಾದ ಒಬ್ಬರ ಉತ್ತರ ಎಲ್ಲರ ಉತ್ತರವಾಗಿ ತೋರುತ್ತದೆ. ಅಂಕಿಯನ್ನಷ್ಟೇ ಬರೆದು ಕಾರಣ ಬಿಟ್ಟವರನ್ನು ಗುರುತಿಸಿ, ಗರ್ಭಿಣಿಯರ ತಪಾಸಣಾ ವಿಭಾಗದ ಡ್ಯೂಟಿಯಲ್ಲಿ ನಿಜವಾದ ತಾಯಿ ಕಾರ್ಡುಗಳ ಮುಂದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು.