ಬತ್ತಿಸುವ ದಿನ ಹಸುವಿನ ಸೊಂಟ ನೋಡಿ

ಹಾಲು ಕೊಡದ ಹಸುವಿಗೆ ಹಿಂಡಿ ಯಾಕೆ ದಂಡ ಎನ್ನುವ ಮಾತು ನಮ್ಮ ಕೊಟ್ಟಿಗೆಗಳಲ್ಲಿ ಇಂದಿಗೂ ಕೇಳುತ್ತದೆ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಇದೆ: ಕರು ಹಾಕಲು ಎರಡು ತಿಂಗಳಿರುವಾಗ ಹೊಟ್ಟೆ ತುಂಬ ಹಿಂಡಿ, ಬೂಸಾ ತಿನ್ನಿಸಿ ಹಸುವನ್ನು ಗುಂಡಗೆ ಮಾಡಿದರೆ ಮುಂದೆ ಹಾಲು ಹೊಳೆಯಾಗಿ ಹರಿಯುತ್ತದೆ ಎಂಬುದು. ಎರಡರ ಹಿಂದೆಯೂ ಇರುವ ತಪ್ಪು ಒಂದೇ. ಬತ್ತಿಸಿದ ಮೇಲಿನ ಆ ಎರಡು ತಿಂಗಳು ಹಸುವಿನ ಮೈಯನ್ನು ಇಳಿಸುವ ಅಥವಾ ಏರಿಸುವ ಕಾಲವಲ್ಲ. ಹಾಲು ಬತ್ತಿಸುವ ದಿನ ಹಸು ಯಾವ ಮೈಕಟ್ಟಿನಲ್ಲಿದೆಯೋ ಕರು ಹಾಕುವ ದಿನವೂ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿರಬೇಕು. ಆ ಮೈಕಟ್ಟು ಸರಿಯಾಗಿದೆಯೇ ಎಂದು ಕಣ್ಣಿನಿಂದಲೇ ಅಳೆಯುವ ವಿಧಾನಕ್ಕೆ ಪಶುವೈದ್ಯರು ದೇಹಸ್ಥಿತಿ ಅಂಕ ಎನ್ನುತ್ತಾರೆ.

ತಕ್ಕಡಿ ಯಾಕೆ ಸಾಲದು ಎಂದು ಯಾರಾದರೂ ಕೇಳಬಹುದು. ತುಂಬು ಗಬ್ಬದ ಹಸುವಿನ ತೂಕದಲ್ಲಿ ಕರುವಿನ ತೂಕ, ಗರ್ಭದ ನೀರು, ಹೊಟ್ಟೆಯಲ್ಲಿರುವ ಹುಲ್ಲು, ಕುಡಿದ ನೀರು ಎಲ್ಲ ಸೇರಿರುತ್ತವೆ. ನಮಗೆ ಬೇಕಾದದ್ದು ಚರ್ಮದ ಕೆಳಗೆ ಎಷ್ಟು ಕೊಬ್ಬಿದೆ ಎನ್ನುವುದಷ್ಟೇ. ಸೊಂಟದ ಸುತ್ತಲಿನ ಮೂಳೆಗಳ ಮೇಲೆ ಅದು ಚೆನ್ನಾಗಿ ಗೊತ್ತಾಗುತ್ತದೆ. 1982ರಲ್ಲಿ ಅಮೆರಿಕದ ವರ್ಜೀನಿಯಾದ ಸಂಶೋಧಕರು ಹಾಲಿನ ಹಸುಗಳಿಗಾಗಿ ಒಂದರಿಂದ ಐದರವರೆಗಿನ ಅಂಕಗಳನ್ನು ಬಳಕೆಗೆ ತಂದರು. ಒಂದು ಎಂದರೆ ಎಲುಬಿನ ಹಂದರ, ಐದು ಎಂದರೆ ಕೊಬ್ಬಿನ ಮುದ್ದೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇದಕ್ಕೊಂದು ಚಿತ್ರಪಟ ಸಿದ್ಧವಾಯಿತು. 1994ರಲ್ಲಿ ಪೆನ್ಸಿಲ್ವೇನಿಯಾದ ಫರ್ಗ್ಯುಸನ್ ಮತ್ತು ಸಂಗಡಿಗರು ಯಾವ ಗುರುತು ಕಂಡರೆ ಯಾವ ಅಂಕ ಎನ್ನುವುದನ್ನು ತುಂಬ ಸರಳಗೊಳಿಸಿದರು. ರೈತರು ಕಲಿಯಬೇಕಾದದ್ದು ಈ ಕೊನೆಯ ವಿಧಾನವನ್ನೇ ಎಂಬುದು ನನ್ನ ಅಭಿಪ್ರಾಯ.

ಹಸುವನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿ. ಸೊಂಟದ ಮುಂಭಾಗದಲ್ಲಿ ಗೂಟದಂತೆ ಎದ್ದಿರುವ ಮೂಳೆ ಒಂದು. ಬಾಲದ ಬುಡದ ಪಕ್ಕ, ಹಿಂದಕ್ಕೆ ಚಾಚಿರುವ ಮೂಳೆ ಇನ್ನೊಂದು. ಇವೆರಡರ ನಡುವೆ, ಸ್ವಲ್ಪ ಕೆಳಗೆ, ತೊಡೆಯ ಕೀಲು ಇದೆ. ಮುಂದಿನ ಮೂಳೆಯಿಂದ ಕೀಲಿಗೆ ಇಳಿದು, ಅಲ್ಲಿಂದ ಹಿಂದಿನ ಮೂಳೆಗೆ ಏರುವ ಗೆರೆಯೊಂದನ್ನು ಮನಸ್ಸಿನಲ್ಲೇ ಎಳೆಯಿರಿ. ಆ ಗೆರೆ ಇಂಗ್ಲಿಷಿನ ವಿ ಅಕ್ಷರದಂತೆ ಚೂಪಾಗಿ ಕಂಡರೆ ಹಸುವಿನ ಅಂಕ 3 ಅಥವಾ ಅದಕ್ಕಿಂತ ಕಡಿಮೆ. ಯು ಅಕ್ಷರದಂತೆ ದುಂಡಗಿದ್ದರೆ 3.25 ಅಥವಾ ಅದಕ್ಕಿಂತ ಹೆಚ್ಚು. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ವಿ ಕಂಡಿತು ಎನ್ನಿ. ಆಗ ಮುಂದಿನ ಮೂಳೆಯನ್ನು ನೋಡಬೇಕು. ಅದರ ತುದಿ ದುಂಡಗಿದ್ದರೆ 3. ಅದು ಮೂಲೆ ಕಟ್ಟಿದಂತಿದ್ದು, ಹಿಂದಿನ ಮೂಳೆಯ ಮೇಲೆ ಇನ್ನೂ ಮೆತ್ತೆಯಿದ್ದರೆ 2.75. ಹಿಂದಿನದೂ ಚೂಪಾಗಿದ್ದು, ಬೆರಳಿಂದ ಒತ್ತಿದಾಗ ಮಾತ್ರ ಒಂದಿಷ್ಟು ಕೊಬ್ಬು ಸಿಕ್ಕಿದರೆ 2.5. ಅದೂ ಸಿಗದಿದ್ದರೆ ಇನ್ನೂ ಕೆಳಗೆ. ಯು ಕಂಡಿದ್ದರೆ ಎರಡು ನಾರುಪಟ್ಟಿಗಳನ್ನು ಗಮನಿಸಬೇಕು: ಬೆನ್ನುಮೂಳೆಯಿಂದ ಮುಂದಿನ ಸೊಂಟದ ಮೂಳೆಗೆ ಅಡ್ಡಲಾಗಿ ಹೋಗುವುದೊಂದು, ಬಾಲದ ಬುಡದಿಂದ ಹಿಂದಿನ ಮೂಳೆಗೆ ಹೋಗುವುದು ಇನ್ನೊಂದು. ಎರಡೂ ಚೆನ್ನಾಗಿ ಕಂಡರೆ 3.25. ಬಾಲದ ಪಟ್ಟಿ ಮಸುಕಾಗಿದ್ದರೆ 3.5. ಅದು ಪೂರ್ತಿ ಮುಚ್ಚಿ, ಅಡ್ಡಪಟ್ಟಿಯೂ ಮಸುಕಾದರೆ 3.75. ಎರಡೂ ಕಾಣದಿದ್ದರೆ 4. ನಾಲ್ಕರ ಮೇಲೆ ಕಾಲಂಶದ ಲೆಕ್ಕ ಬೇಡ, ಹಸು ಅಪಾಯದಲ್ಲಿದೆ ಎಂದು ತಿಳಿದರೆ ಸಾಕು.

ಕಣ್ಣು ಮೋಸಹೋಗುವ ಜಾಗಗಳೂ ಇವೆ. ಹೊಟ್ಟೆಯ ಗಾತ್ರ ನೋಡಿ ಅಂಕ ಕೊಡಬಾರದು. ಬರೀ ಒಣಹುಲ್ಲು ತಿಂದ ಬಡಕಲು ಹಸುವಿನ ಹೊಟ್ಟೆಯೂ ಊದಿಕೊಂಡಿರುತ್ತದೆ. ಕರು ಹಾಕುವ ದಿನ ಹತ್ತಿರ ಬಂದಾಗ ಬಾಲದ ಬುಡದ ಎರಡೂ ಬದಿ ಸಡಿಲಾಗಿ ಕುಸಿಯುತ್ತದೆ. ಅದು ಹೆರಿಗೆಗೆ ದಾರಿ ಬಿಡಲು ನಾರುಗಳು ಮೆದುವಾದದ್ದರಿಂದ ಆಗುವುದೇ ಹೊರತು ಹಸು ಸೊರಗಿದ್ದರಿಂದ ಅಲ್ಲ. ಹೀಗಾಗಿ ಕರು ಹಾಕುವ ಹೊತ್ತಿನಲ್ಲಿ ಬಾಲದ ಬುಡವನ್ನು ನಂಬದೆ ಸೊಂಟದ ಮೂಳೆಗಳನ್ನೂ ಬೆನ್ನಿನ ಅಂಚನ್ನೂ ನೋಡಿ ಅಂಕ ಹಾಕಬೇಕು. ಒಬ್ಬರಿಂದೊಬ್ಬರಿಗೆ ಕಾಲಂಶ ಹೆಚ್ಚುಕಡಿಮೆ ಆಗುವುದು ಸಹಜ. ಮನೆಯಲ್ಲಿ ಒಬ್ಬರೇ ಪ್ರತಿಸಲ ನೋಡಿದರೆ ಆ ವ್ಯತ್ಯಾಸ ತೊಡಕಾಗುವುದಿಲ್ಲ.

ಎಷ್ಟಿರಬೇಕು? ಬತ್ತಿಸುವಾಗಲೂ ಕರು ಹಾಕುವಾಗಲೂ 3ರಿಂದ 3.25 ಇದ್ದರೆ ಒಳ್ಳೆಯದು. ಹಿಂದೆ 3.5, 3.75 ಎಂದು ಹೇಳುತ್ತಿದ್ದರು. ದಪ್ಪ ಹಸುಗಳಿಗೆ ಕರು ಹಾಕಿದ ಮೇಲೆ ಕಾಯಿಲೆ ಹೆಚ್ಚೆಂದು ಕಂಡ ಮೇಲೆ ಗುರಿ ಕೆಳಗಿಳಿಯಿತು. ಕರು ಹಾಕಿದ ಮೇಲೆ ಅರ್ಧ ಅಂಕದಷ್ಟು ಇಳಿಯುವುದು ಮಾಮೂಲು. ಹಾಲು ಆರೆಂಟು ವಾರದಲ್ಲಿ ಶಿಖರ ಮುಟ್ಟುತ್ತದೆ, ಆದರೆ ಹಸಿವು ಅಷ್ಟು ಬೇಗ ಏರುವುದಿಲ್ಲ. ಕೊರತೆಯನ್ನು ಹಸು ತನ್ನ ಮೈಯಿಂದ ತುಂಬಿಸುತ್ತದೆ. ಒಂದು ಕಿಲೋ ಮೈ ಕರಗಿದರೆ ಆರೇಳು ಲೀಟರ್ ಹಾಲಿಗೆ ಬೇಕಾದ ಶಕ್ತಿ ಸಿಗುತ್ತದೆ.

ಹಾಗಿದ್ದರೆ ಹೆಚ್ಚು ಕೊಬ್ಬಿದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ. ದಪ್ಪಗಿನ ಹಸು ಹೆರಿಗೆಯ ಆಸುಪಾಸಿನಲ್ಲಿ ತೆಳ್ಳಗಿನ ಹಸುವಿಗಿಂತ ಕಡಿಮೆ ತಿನ್ನುತ್ತದೆ. ಮೇವು ಕಡಿಮೆಯಾದಷ್ಟೂ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸುರಿಯುತ್ತದೆ. ಅದು ಪಿತ್ತಜನಕಾಂಗಕ್ಕೆ ಬರುತ್ತದೆ. ಆ ಅಂಗಕ್ಕೆ ಇಷ್ಟನ್ನು ಉರಿಸಿ ಮುಗಿಸುವ ಶಕ್ತಿಯಿಲ್ಲ; ಹೊರಗೆ ಸಾಗಿಸುವ ಶಕ್ತಿ ಹಸುವಿನಲ್ಲಿ ಇನ್ನೂ ಕಡಿಮೆ. ಒಂದಿಷ್ಟು ಕೊಬ್ಬು ಅಲ್ಲೇ ಕೂರುತ್ತದೆ, ಅರೆಬರೆ ಉರಿದದ್ದು ಕೀಟೋನ್ ಎಂಬ ಪದಾರ್ಥವಾಗಿ ರಕ್ತ, ಹಾಲು, ಮೂತ್ರ, ಉಸಿರಿಗೆ ಸೇರುತ್ತದೆ. ಇದೇ ಕೀಟೋಸಿಸ್. ಕೀಟೋನ್ ಏರಿದಷ್ಟೂ ಹಸಿವು ಇನ್ನೂ ಸಾಯುತ್ತದೆ, ಹಸಿವು ಸತ್ತಷ್ಟೂ ಕೊಬ್ಬು ಇನ್ನೂ ಕರಗುತ್ತದೆ.

ಇದು ಹೇಗೆ ನಡೆಯುತ್ತದೆ ಎನ್ನಲು ಒಂದು ಮಿಶ್ರತಳಿ ಎಚ್‌.ಎಫ್. ಹಸುವನ್ನು ಕಲ್ಪಿಸಿಕೊಳ್ಳಿ. ಹಿಂದಿನ ಸಲ ಅದು ಸಕಾಲಕ್ಕೆ ಕಟ್ಟಲಿಲ್ಲ, ಹಲವು ಸಲ ಕೃತಕ ಗರ್ಭಧಾರಣೆ ಮಾಡಿಸಿದ ಮೇಲೆ ತಡವಾಗಿ ಗಬ್ಬವಾಯಿತು. ಹಾಲು ಐದು ಲೀಟರಿಗೆ ಇಳಿದರೂ ಹಿಂಡಿ ಮಾತ್ರ ಹತ್ತು ಲೀಟರಿನ ಕಾಲದಷ್ಟೇ ಬೀಳುತ್ತಿತ್ತು. ಹಾಲಾಗದ ಹಿಂಡಿ ಕೊಬ್ಬಾಯಿತು. ಏಳು ತಿಂಗಳು ತುಂಬಿ ಬತ್ತಿಸುವ ದಿನ ನೋಡಿದರೆ ಎರಡೂ ನಾರುಪಟ್ಟಿ ಕಾಣುತ್ತಿಲ್ಲ: ಅಂಕ 4. ಯಾರೋ ಇದು ಜಾಸ್ತಿಯಾಯಿತು ಎಂದರು. ಮನೆಯವರು ಹಿಂಡಿ ಪೂರ್ತಿ ನಿಲ್ಲಿಸಿ ಬರೀ ರಾಗಿ ಹುಲ್ಲು ಹಾಕಿದರು. ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಕರು ವೇಗವಾಗಿ ಬೆಳೆಯುವ ಈ ಎರಡು ತಿಂಗಳಲ್ಲಿ ಹಸುವಿನ ಕೊಬ್ಬು ಕರಗತೊಡಗಿತು, ಹೆರಿಗೆಗೆ ಮೊದಲೇ ಪಿತ್ತಜನಕಾಂಗ ತುಂಬಿತು. ಕರು ಹಾಕುವುದು ಕಷ್ಟವಾಯಿತು, ಮಾಸು ಬೀಳಲಿಲ್ಲ.

ಎರಡನೇ ವಾರದಲ್ಲಿ ಹಸು ಹಿಂಡಿಯನ್ನು ಮೂಸಿ ಬಿಟ್ಟು ಒಣಹುಲ್ಲನ್ನು ಮಾತ್ರ ಎಳೆಯಿತು. ಡೇರಿಯಲ್ಲಿ ಫ್ಯಾಟ್ ಏಕಾಏಕಿ ಏರಿದಾಗ ಮನೆಯವರು ಖುಷಿಪಟ್ಟರು. ಆದರೆ ಅದು ಮೈಯಿಂದ ಕರಗಿದ ಕೊಬ್ಬು. ಸಗಣಿ ಗಟ್ಟಿಯಾಯಿತು, ಉಸಿರಿನಲ್ಲಿ ಉಗುರಿನ ಬಣ್ಣ ತೆಗೆಯುವ ದ್ರವದಂಥ ವಾಸನೆ. ಐವತ್ತು ದಿನಕ್ಕೆ ಅಂಕ 2.75 ಆಗಿತ್ತು. ಈ ಗಾತ್ರದ ಹಸುವಿಗೆ ಒಂದು ಅಂಕಕ್ಕೆ ನಲವತ್ತು ಕಿಲೋ ಎಂದರೂ ಐವತ್ತು ಕಿಲೋ ಹೋಯಿತು. ಇಷ್ಟು ಬೇಗ ಸೊರಗಿದ ಹಸು ಬೆದೆಗೆ ಬರುವುದು ತಡ, ಗಬ್ಬ ನಿಲ್ಲುವುದು ಇನ್ನೂ ತಡ. ಮುಂದಿನ ಸಲವೂ ಅದೇ ದೀರ್ಘ ಕರಾವು, ಅದೇ ಕೊಬ್ಬು.

ಬತ್ತಿಸುವ ದಿನ 4 ಕಂಡರೆ ಮಾಡಬೇಕಾದದ್ದು ಅದನ್ನು ಹಾಗೇ ಕಾಯ್ದುಕೊಳ್ಳುವುದು. ಒಣಹುಲ್ಲು ಸಾಕಷ್ಟು, ಹಸಿಮೇವು ಮಿತವಾಗಿ, ಕರುವಿನ ಬೆಳವಣಿಗೆಗೆ ಬೇಕಾದಷ್ಟು ಹಿಂಡಿ, ಲವಣ ಮಿಶ್ರಣ. ಕರು ಹಾಕಿದ ಮೊದಲ ಮೂರು ವಾರ ಕೀಟೋಸಿಸ್ ಬರಬಹುದೆಂದೇ ಎಚ್ಚರದಿಂದಿದ್ದು, ಹಿಂಡಿ ಬಿಟ್ಟ ದಿನವೇ ವೈದ್ಯರನ್ನು ಕರೆಯಬೇಕು. 2.5ರ ತೆಳು ಹಸುವಾದರೆ ಈ ಎರಡು ತಿಂಗಳಲ್ಲಿ ಕಾಲು ಅಂಕ ಏರಿಸಬಹುದು, ತೊಂದರೆಯಿಲ್ಲ. ಅದಕ್ಕೆ ಬರುವ ಕಷ್ಟ ಬೇರೆ: ಹಾಲು ಶಿಖರಕ್ಕೆ ಏರುವುದಿಲ್ಲ, ಬೆದೆ ತಡವಾಗುತ್ತದೆ.

ನಿಜವಾದ ತಿದ್ದುಪಡಿಯ ಕಾಲ ಗಬ್ಬದ ನಾಲ್ಕರಿಂದ ಏಳನೇ ತಿಂಗಳು. ಹಾಲು ಕೊಡುತ್ತಿರುವ ಹಸು ಮೇವನ್ನು ಮೈಯಾಗಿಸುವುದರಲ್ಲಿ ಬತ್ತಿದ ಹಸುವಿಗಿಂತ ಚುರುಕು. ಅದೇ ಹಿಂಡಿಗೆ ಈಗ ಹೆಚ್ಚು ಫಲ. ತೆಳು ಹಸುವಿಗೆ ಅರ್ಧ ಅಂಕ, ಅಂದರೆ ಇಪ್ಪತ್ತು ಕಿಲೋ ಬೇಕೆಂದಿಟ್ಟುಕೊಳ್ಳಿ. ನೂರು ದಿನಕ್ಕೆ ಹಂಚಿದರೆ ದಿನಕ್ಕೆ 200 ಗ್ರಾಂ. ಅದಕ್ಕೆ ಮುಕ್ಕಾಲರಿಂದ ಒಂದು ಕಿಲೋ ಹಿಂಡಿ ಹೆಚ್ಚಿಗೆ ಕೊಟ್ಟರೆ ಸಾಕು. ದಪ್ಪಗಾಗುತ್ತಿರುವ ಹಸುವಿಗೆ ಹಾಲು ಇಳಿದಂತೆ ಹಿಂಡಿಯನ್ನೂ ಇಳಿಸಬೇಕು. ಬೆಲೆಬಾಳುವ ಹಿಂಡಿ ಇದರಿಂದಲೇ ಉಳಿಯುತ್ತದೆ.

ಒಂದು ಮಾತು ಹೇಳಲೇಬೇಕು. ಈ ಅಂಕಗಳನ್ನು ಕಟ್ಟಿದ್ದು ಹೋಲ್‌ಸ್ಟೈನ್ ಹಸುಗಳ ಮೇಲೆ. ನಮ್ಮ ಎಚ್‌.ಎಫ್. ಮಿಶ್ರತಳಿಗೆ ಬಹುಮಟ್ಟಿಗೆ ಹೊಂದುತ್ತವೆ. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ಭುಜದ ಹಿಣಿಲಿನ ತಳಿಗಳ ಸೊಂಟದ ಕಟ್ಟೇ ಬೇರೆ, ಹಾಗಾಗಿ ಅವುಗಳಿಗೆ ಈ ಗುರಿಯನ್ನು ಹಾಗೇ ಹೊಂದಿಸಿ ತೀರ್ಪು ಕೊಡಬಾರದು. ಅಲ್ಲಿ ಅದೇ ಹಸುವಿನ ಹಿಂದಿನ ತಿಂಗಳ ಸ್ಥಿತಿಯೊಂದಿಗೆ ಹೋಲಿಸುವುದು ಮೇಲು.

ಕೊಟ್ಟಿಗೆಯ ಗೋಡೆಯ ಮೇಲೆ ಗರ್ಭಧಾರಣೆಯ ತಾರೀಖು ಬರೆದಿಡುವವರು ಅನೇಕರಿದ್ದಾರೆ. ಅದರ ಪಕ್ಕದಲ್ಲೇ ನಾಲ್ಕು ಅಂಕ ಬರೆಯಲು ಜಾಗ ಬಿಡಿ: ಗಬ್ಬದ ಐದನೇ ತಿಂಗಳು, ಬತ್ತಿಸುವ ದಿನ, ಕರು ಹಾಕಿದ ದಿನ, ಅದಾಗಿ ಐವತ್ತನೇ ದಿನ. ಐದನೇ ತಿಂಗಳಿನದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹಿಂಡಿ ಹೆಚ್ಚಿಸಿಯೋ ಇಳಿಸಿಯೋ ಏನನ್ನಾದರೂ ತಿದ್ದಲು ಆಗ ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತದೆ.